ಒಂದು ರಾತ್ರಿಯಲ್ಲಿ 23 ಒಂಟಿ ಸ್ಟಾರ್: ಹೋಂಸ್ಟೇ ರೇಟಿಂಗ್ ಕುಸಿದಾಗ ದೋಷವನ್ನು ಹುಡುಕುವ ಬಗೆ

ಕಂಡ ಲಕ್ಷಣ

ಮಡಿಕೇರಿಯ ಹೊರವಲಯದಲ್ಲಿ ನನ್ನ ಅತ್ತೆ ಮೂರು ಕೋಣೆಗಳ ಹೋಂಸ್ಟೇ ನಡೆಸುತ್ತಾರೆ. ಕಾಫಿ ತೋಟದ ನಡುವಿನ ಹಳೆಯ ಮನೆ ಅದು. ಅಡುಗೆ ಅವರದೇ, ಬರುವವರ ಫೋನ್ ಎತ್ತುವುದೂ ಅವರೇ. ಗೂಗಲ್ ಮ್ಯಾಪ್ಸ್‌ನಲ್ಲಿ ಮನೆಯ ಖಾತೆಯನ್ನು ನೋಡಿಕೊಳ್ಳುವುದು ಮಾತ್ರ ನನ್ನ ಪಾಲಿನ ಕೆಲಸ. ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಅವರು ಕರೆ ಮಾಡಿ, "ಮಗಳೇ, ಯಾರೋ ನಮ್ಮ ಮನೆಗೆ ಕಲ್ಲು ಹೊಡೆಯುತ್ತಿದ್ದಾರೆ" ಎಂದರು. ನಾನು ಗಾಬರಿಯಿಂದ ಕೇಳಿದಾಗಲೇ ತಿಳಿದದ್ದು, ಕಲ್ಲು ಬೀಳುತ್ತಿದ್ದುದು ಮೊಬೈಲಿನಲ್ಲಿ.

ಐದು ವರ್ಷಗಳಲ್ಲಿ ಆ ಮನೆಗೆ ಬಂದದ್ದು 84 ರಿವ್ಯೂಗಳು, ಸರಾಸರಿ 4.6. ತಿಂಗಳಿಗೆ ಒಂದೋ ಎರಡೋ ಬರುತ್ತಿದ್ದವು. ಭಾನುವಾರ ಸಂಜೆಯಿಂದ ಸೋಮವಾರ ಹನ್ನೊಂದು ಗಂಟೆಯ ಒಳಗೆ 23 ಹೊಸ ರಿವ್ಯೂಗಳು ಬಿದ್ದಿದ್ದವು, ಎಲ್ಲವೂ ಒಂದೇ ಸ್ಟಾರ್. ಸರಾಸರಿ 3.8ಕ್ಕೆ ಇಳಿದಿತ್ತು. ಸಾದಾ ಗಣಿತದಲ್ಲಿ ಇದರ ಭಾರ ಎಷ್ಟೆಂದು ನೋಡಿ: ಆ 23 ಅಲ್ಲೇ ಉಳಿದರೆ, ಮತ್ತೆ 4.6 ತಲುಪಲು ಒಂದೂ ತಪ್ಪದೆ 207 ಐದು ಸ್ಟಾರ್ ಬೇಕು. ತಿಂಗಳಿಗೆ ಎರಡರಂತೆ ಬಂದರೆ ಎಂಟೂವರೆ ವರ್ಷಕ್ಕೂ ಹೆಚ್ಚು. ಗೂಗಲ್ ತೋರಿಸುವ ಅಂಕಿ ಈ ಸರಳ ಸರಾಸರಿಯಿಂದ ಸ್ವಲ್ಪ ಆಚೀಚೆ ಇರಬಹುದು, ಆದರೆ ಹೊಡೆತದ ಗಾತ್ರ ಇದೇ.

ಇಂಥ ಹೊತ್ತಿನಲ್ಲಿ ಎಲ್ಲರೂ ಒಂದೇ ತೀರ್ಮಾನಕ್ಕೆ ಬರುತ್ತಾರೆ: ಇಪ್ಪತ್ತಮೂರೂ ಸುಳ್ಳು, ಎಲ್ಲವನ್ನೂ ತೆಗೆಸಬೇಕು. ಅತ್ತೆಯೂ ಹಾಗೆಯೇ ಅಂದರು. ಆ ತೀರ್ಮಾನವೇ ತಪ್ಪಾಗಿತ್ತು. ಅದನ್ನು ನಂಬಿ ಮುಂದುವರಿದಿದ್ದರೆ ತೆಗೆಸಬಹುದಾಗಿದ್ದ ರಿವ್ಯೂಗಳೂ ಉಳಿದುಬಿಡುತ್ತಿದ್ದವು.

ಮುಟ್ಟುವ ಮೊದಲು ದಾಖಲೆ

ಯಾವುದನ್ನೂ ವರದಿ ಮಾಡುವ ಮುಂಚೆ, ಯಾವುದಕ್ಕೂ ಉತ್ತರಿಸುವ ಮುಂಚೆ, ಪ್ರತಿಯೊಂದರ ಸ್ಕ್ರೀನ್‌ಶಾಟ್ ತೆಗೆಯಬೇಕು. ಬರೆದವರು ಯಾವ ಗಳಿಗೆಯಲ್ಲಾದರೂ ಅದನ್ನು ತಿದ್ದಬಹುದು, ಅಳಿಸಬಹುದು, ಬೈಗುಳವನ್ನು ತೆಗೆದು ಸ್ಟಾರ್ ಮಾತ್ರ ಉಳಿಸಬಹುದು.

ಸಮಯದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಗೂಗಲ್ ಮ್ಯಾಪ್ಸ್ ರಿವ್ಯೂ ಬಂದ ನಿಖರ ಸಮಯವನ್ನು ತೋರಿಸುವುದಿಲ್ಲ. ಕೆಲವು ಗಂಟೆಗಳ ಹಿಂದೆ, ಒಂದು ದಿನದ ಹಿಂದೆ ಎಂದಷ್ಟೇ ಹೇಳುತ್ತದೆ. ಆದರೆ ಖಾತೆಯ ಮಾಲೀಕರು ಸೂಚನೆಗಳನ್ನು ಚಾಲೂ ಇಟ್ಟಿದ್ದರೆ ಹೊಸ ರಿವ್ಯೂ ಬಂದಾಗ ಇಮೇಲ್ ಬರುತ್ತದೆ, ಆ ಇಮೇಲ್ ಬಂದ ಸಮಯ ಅಚ್ಚುಕಟ್ಟಾಗಿ ಉಳಿದಿರುತ್ತದೆ. ನಾನು ಆ ಇಮೇಲ್‌ಗಳನ್ನು ಸಾಲಾಗಿ ಇಟ್ಟುಕೊಂಡು ಒಂದು ಹಾಳೆಯಲ್ಲಿ ಬರೆದೆ. ಮೊದಲನೆಯದು ಭಾನುವಾರ ಸಂಜೆ 6.40ಕ್ಕೆ. ಅದರ ನಂತರ ಎರಡು ಗಂಟೆ ಏನೂ ಇಲ್ಲ. ರಾತ್ರಿ ಒಂಬತ್ತರಿಂದ ಹನ್ನೊಂದರ ನಡುವೆ ಹದಿನೇಳು. ಉಳಿದ ಐದು ಬೆಳಿಗ್ಗೆ. ಇಡೀ ಪತ್ತೆಕಾರ್ಯಕ್ಕೆ ನೆಲಗಟ್ಟಾಗಿದ್ದು ಈ ಒಂದು ಹಾಳೆ.

ಮೊದಲ ಪ್ರಶ್ನೆ: ಏನಾದರೂ ನಡೆದಿದೆಯೇ?

ರೇಟಿಂಗ್ ಹಠಾತ್ತನೆ ಬಿದ್ದರೆ ಅದಕ್ಕೆ ಸೇಡೇ ಕಾರಣವಾಗಿರಬೇಕಿಲ್ಲ. ಹಳೆಯ ಒಳ್ಳೆಯ ರಿವ್ಯೂಗಳು ಅಳಿದುಹೋದರೂ ಸರಾಸರಿ ಇಳಿಯುತ್ತದೆ. ಹಾಗಾದಾಗ ಒಟ್ಟು ಸಂಖ್ಯೆಯೂ ಇಳಿದಿರುತ್ತದೆ, ಆದ್ದರಿಂದ ಗುರುತಿಸುವುದು ಸುಲಭ. ದೀರ್ಘ ವಾರಾಂತ್ಯದಲ್ಲಿ ಕೋಣೆ ತುಂಬಿ, ಕರೆಂಟ್ ಹೋಗಿ, ನೀರು ನಿಂತರೆ ನಿಜವಾದ ಅತಿಥಿಗಳೇ ನಾಲ್ಕೈದು ಜನ ಒಟ್ಟಿಗೆ ಬೈದು ಬರೆಯುವುದುಂಟು. ಅಂಥವು ಮೂರು ನಾಲ್ಕು ದಿನಗಳಲ್ಲಿ ಹರಡಿಕೊಂಡು ಬರುತ್ತವೆ, ಒಂದೊಂದರಲ್ಲೂ ಬೇರೆ ಬೇರೆ ವಿವರ ಇರುತ್ತದೆ. ಎರಡು ಗಂಟೆಯಲ್ಲಿ ಹದಿನೇಳು ಬರುವುದು ಆ ಬಗೆಯಲ್ಲ. ಮೂರು ಕೋಣೆಯ ಮನೆಯಲ್ಲಿ ಅಷ್ಟು ಜನ ಒಂದೇ ರಾತ್ರಿ ಉಳಿಯಲೂ ಆಗದು.

ಹಾಗಾಗಿ ಅತ್ತೆಯನ್ನು ಕೂರಿಸಿಕೊಂಡು ಶನಿವಾರದಿಂದ ನಡೆದುದನ್ನೆಲ್ಲ ಹೇಳಿಸಿದೆ. ಆರು ಜನರಿಗೆಂದು ಫೋನಿನಲ್ಲಿ ಕಾಯ್ದಿರಿಸಿದ್ದ ತಂಡ ಒಂಬತ್ತು ಜನರೊಂದಿಗೆ ಬಂದಿತ್ತು. ಹೆಚ್ಚುವರಿ ಮೂವರಿಗೆ ತಲಾ 1,200 ರೂಪಾಯಿ ಕೇಳಿದಾಗ ಮುಖ ಕೆಡಿಸಿಕೊಂಡು ಕೊಟ್ಟಿದ್ದರು. ರಾತ್ರಿ ಜಗಲಿಯಲ್ಲಿ ದೊಡ್ಡ ಸ್ಪೀಕರ್ ಇಟ್ಟರು. ಹತ್ತು ಗಂಟೆಗೆ ಅತ್ತೆ ನಿಲ್ಲಿಸಲು ಹೇಳಿದರು, ಹತ್ತೂವರೆಗೆ ಮತ್ತೆ ಹೇಳಿದರು, ಮೂರನೆಯ ಸಲ ಜಗಲಿಯ ಪ್ಲಗ್ ತೆಗೆದರು. ಭಾನುವಾರ ಬೆಳಿಗ್ಗೆ ಕಾರು ಹತ್ತುವಾಗ ಅವರಲ್ಲೊಬ್ಬ, "ಆಂಟಿ, ಆನ್‌ಲೈನ್‌ನಲ್ಲಿ ಸಿಗೋಣ" ಎಂದು ಹೇಳಿ ಹೋಗಿದ್ದ.

ಮೂಲ ಸಿಕ್ಕಿತು. ಆದರೆ ಮೂಲ ಸಿಕ್ಕಿದೊಡನೆ 23 ರಿವ್ಯೂಗಳ ಸ್ವಭಾವ ಗೊತ್ತಾಯಿತೆಂದು ತಿಳಿಯಬಾರದು.

ಬೇರ್ಪಡಿಸುವುದು

ನಾವು ಹುಡುಕುತ್ತಿರುವುದು ಎರಡು ಬೇರೆ ದೋಷಗಳನ್ನು. ನಿಜವಾಗಿ ಬಂದು ಉಳಿದವರು ಕೋಪದಿಂದ ಒಂದು ಸ್ಟಾರ್ ಕೊಟ್ಟರೆ ಅದು ಸೇಡಿನ ರಿವ್ಯೂ. ಮನೆಯ ಮೆಟ್ಟಿಲನ್ನೇ ಹತ್ತದವರು ಯಾರದೋ ಕರೆಗೆ ಗುಂಪಾಗಿ ಕೊಟ್ಟರೆ ಅದು ರಿವ್ಯೂ ದಾಳಿ. ಓದುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ, ನೋವೂ ಒಂದೇ. ಗೂಗಲ್‌ನ ನೀತಿಯಲ್ಲಿ ಮಾತ್ರ ಇವುಗಳ ನಡುವೆ ಗೋಡೆಯಿದೆ. ನಿಜವಾದ ಅನುಭವದ ಮೇಲೆ ನಿಂತಿಲ್ಲದ ರಿವ್ಯೂ ನಿಷಿದ್ಧ. ನಿಜವಾದ ಅತಿಥಿ ಏಕಪಕ್ಷೀಯವಾಗಿ, ಉತ್ಪ್ರೇಕ್ಷೆಯಿಂದ, ಸೇಡಿನಿಂದ ಬರೆದದ್ದು ಸಾಮಾನ್ಯವಾಗಿ ನಿಷಿದ್ಧವಲ್ಲ. ಅಂಗಡಿಯವರಿಗೂ ಗಿರಾಕಿಗೂ ಸಂಗತಿಯ ಬಗ್ಗೆ ಜಗಳವಿದ್ದರೆ ಯಾರು ಸರಿ ಎಂದು ಗೂಗಲ್ ತೀರ್ಪು ಕೊಡುವುದಿಲ್ಲ. "ಅವನು ಹೇಳುತ್ತಿರುವುದು ಸುಳ್ಳು" ಎಂಬ ವಾದ ಅಲ್ಲಿ ನಡೆಯುವುದಿಲ್ಲ. "ಇವರು ಇಲ್ಲಿಗೆ ಬಂದೇ ಇಲ್ಲ, ನೋಡಿ ಗುರುತುಗಳು" ಎಂಬ ವಾದ ನಡೆಯಬಹುದು.

ಇಲ್ಲಿ ಹೋಂಸ್ಟೇಯವರು ಬಹಳ ಸಲ ಎಡವುವ ಜಾಗವೊಂದಿದೆ. ಕಾಯ್ದಿರಿಸಿದವರ ಹೆಸರಿನೊಂದಿಗೆ ರಿವ್ಯೂ ಬರೆದವರ ಹೆಸರು ಹೊಂದದಿದ್ದರೆ ನಕಲಿ ಎಂದುಬಿಡುತ್ತಾರೆ. ಕಾಯ್ದಿರಿಸುವುದು ಒಬ್ಬರು, ಉಳಿಯುವುದು ಒಂಬತ್ತು ಜನ. ಆ ಎಂಟು ಜನರೂ ಅದೇ ಹಾಸಿಗೆಯಲ್ಲಿ ಮಲಗಿದ್ದಾರೆ, ಅದೇ ಅಕ್ಕಿರೊಟ್ಟಿ ತಿಂದಿದ್ದಾರೆ, ಅವರಿಗೂ ಬರೆಯುವ ಹಕ್ಕಿದೆ. ಆದ್ದರಿಂದ ಹೋಲಿಸಬೇಕಾದದ್ದು ಗುರುತಿನ ಚೀಟಿ ನೋಡಿ ಬರೆಸಿಕೊಂಡ ಅತಿಥಿ ಪುಸ್ತಕದೊಂದಿಗೆ. ಅತ್ತೆ ಒಂಬತ್ತು ಜನರ ಹೆಸರನ್ನೂ ಬರೆಸಿಕೊಂಡಿದ್ದರು. ಆ ಪುಟವೊಂದು ಇಲ್ಲದೇ ಹೋಗಿದ್ದರೆ ಮುಂದಿನದೆಲ್ಲ ಬರೀ ಊಹೆಯಾಗುತ್ತಿತ್ತು.

23ರಲ್ಲಿ ಹದಿನಾಲ್ಕು ಬರೀ ಸ್ಟಾರ್, ಒಂದಕ್ಷರವೂ ಇಲ್ಲ. ಒಂಬತ್ತರಲ್ಲಿ ಬರಹವಿತ್ತು. ಬರಹವಿದ್ದವುಗಳಿಂದ ಆರಂಭಿಸಿದೆ.

ಎರಡು ಹೆಸರುಗಳು ಅತಿಥಿ ಪುಸ್ತಕದಲ್ಲಿ ಸಿಕ್ಕವು. ಮೊದಲನೆಯವನು "ದುಡ್ಡು ಸುಲಿಯುತ್ತಾರೆ, ರಾತ್ರಿ ಕರೆಂಟ್ ತೆಗೆಯುತ್ತಾರೆ" ಎಂದಿದ್ದ. ಕರೆಂಟ್ ತೆಗೆದಿರಲಿಲ್ಲ, ಪ್ಲಗ್ ತೆಗೆದಿದ್ದರು. ಆದರೂ ಇದು ಬಂದು ಉಳಿದವನ ಮಾತು, ಸೇಡಿನ ರಿವ್ಯೂ. ಎರಡನೆಯವನು ಅಡುಗೆಗೆ ನೆರವಾಗುವ ಹೆಣ್ಣುಮಗಳ ಹೆಸರು ಹಿಡಿದು ಹೊಲಸು ಮಾತು ಬರೆದಿದ್ದ. ಇವನೂ ನಿಜವಾದ ಅತಿಥಿಯೇ, ಆದರೆ ಇದರ ದಾರಿ ಬೇರೆ, ಮುಂದೆ ಹೇಳುತ್ತೇನೆ.

ಐದು ರಿವ್ಯೂಗಳು ಒಂದೇ ಹಿಟ್ಟಿನ ರೊಟ್ಟಿಗಳಾಗಿದ್ದವು. "ಮರ್ಯಾದೆ ಇಲ್ಲದ ಮಾಲೀಕರು, ಯಾರೂ ಹೋಗಬೇಡಿ" ಎಂಬ ಸಾಲು ಮೂರರಲ್ಲಿ ಅಕ್ಷರಶಃ ಒಂದೇ. ಒಬ್ಬರು ಎಸಿ ಕೆಲಸ ಮಾಡಲಿಲ್ಲ ಎಂದು ದೂರಿದ್ದರು. ಆ ಮನೆಯಲ್ಲಿ ಎಸಿಯೇ ಇಲ್ಲ, ಮಡಿಕೇರಿಯ ಜುಲೈಯಲ್ಲಿ ಅದನ್ನು ಹಾಕುವವರೂ ಇಲ್ಲ. ಇನ್ನೊಬ್ಬರು ಈಜುಕೊಳ ಕೊಳಕು ಎಂದಿದ್ದರು. ನಿಜವಾಗಿ ಬಂದವರು ಕೋಪದಲ್ಲಿದ್ದರೂ ಮನೆಯ ವಿವರ ತಪ್ಪುವುದಿಲ್ಲ: ಕಡಿದಾದ ಮಣ್ಣಿನ ದಾರಿ, ಸಿಗ್ನಲ್ ಸಿಗದ ಹಿಂದಿನ ಕೋಣೆ, ಜಿಗಣೆ, ಇಂಥದ್ದೇನಾದರೂ ಬಂದೇ ಬರುತ್ತದೆ. ಬಾರದವರು ಎಲ್ಲ ಹೋಟೆಲಿಗೂ ಹೊಂದುವ ದೂರನ್ನು ಬರೆಯುತ್ತಾರೆ.

ಈ ಐವರ ಹೆಸರನ್ನು ಒತ್ತಿ ಅವರು ಬರೆದ ಬೇರೆ ರಿವ್ಯೂಗಳನ್ನೂ ನೋಡಿದೆ. ಇಬ್ಬರಿಗೆ ಇದೊಂದೇ ರಿವ್ಯೂ. ಮೂವರು ಅದೇ ತಿಂಗಳಲ್ಲಿ ಮತ್ತೊಂದು ಊರಿನ ಒಂದು ಉಪಾಹಾರ ಗೃಹಕ್ಕೂ ಒಂದು ಸ್ಟಾರ್ ಕೊಟ್ಟಿದ್ದರು, ಅಲ್ಲೂ ಒಂದೇ ದಿನ. ಒಬ್ಬರ ಒಂದೇ ಒಂದು ರಿವ್ಯೂ ಏನನ್ನೂ ಸಾಬೀತು ಮಾಡುವುದಿಲ್ಲ. ಬದುಕಿನಲ್ಲಿ ಮೊದಲ ಸಲ ಸಿಟ್ಟು ಬಂದು ಬರೆಯುವ ಪ್ರಾಮಾಣಿಕರು ಎಷ್ಟೋ ಜನರಿದ್ದಾರೆ. ಕೆಲವರು ತಮ್ಮ ಬರಹಗಳನ್ನು ಬೇರೆಯವರಿಗೆ ಕಾಣದಂತೆ ಮುಚ್ಚಿಟ್ಟಿರುತ್ತಾರೆ, ಅದೂ ತಪ್ಪಲ್ಲ. ಆದರೆ ಅದೇ ಮೂವರು ಎರಡು ಊರುಗಳಲ್ಲಿ ಒಟ್ಟಿಗೆ ಕಂಡರೆ ಅದು ಗಟ್ಟಿ ಸುಳಿವು. ಗುರುತುಗಳು ಒಂಟಿಯಾಗಿ ದುರ್ಬಲ. ಸಮಯ, ಪದ, ಅಸಾಧ್ಯ ವಿವರ, ಅತಿಥಿ ಪುಸ್ತಕ ಇವುಗಳಲ್ಲಿ ಎರಡಾದರೂ ಒಂದೇ ಕಡೆ ಬೊಟ್ಟು ಮಾಡಿದ ಮೇಲೆಯೇ ನಾನು ಒಂದನ್ನು ನಕಲಿಯ ಪಟ್ಟಿಗೆ ಸೇರಿಸಿದೆ.

ಎಂಟನೆಯದು ತಣ್ಣಗಿನ ದೋಸೆ ಮತ್ತು ಬಿಲ್ ಕೌಂಟರಿನಲ್ಲಿ ಚಿಲ್ಲರೆ ಕೊಡದ ಬಗ್ಗೆ. ಯಾವುದೋ ಹೋಟೆಲಿಗೆ ಬರೆಯಬೇಕಾದದ್ದನ್ನು ತಪ್ಪಿ ಇಲ್ಲಿ ಬರೆದಿದ್ದರು. ದಾಳಿಗೂ ಇದಕ್ಕೂ ಸಂಬಂಧವಿಲ್ಲ, ಅದೇ ದಿನ ಬಿದ್ದಿತ್ತು ಅಷ್ಟೇ.

ಒಂಬತ್ತನೆಯದನ್ನು ಓದಿ ನಾನು ಸುಮ್ಮನೆ ಕುಳಿತೆ. "ಎರಡು ದಿನವೂ ಸ್ನಾನಕ್ಕೆ ಬಿಸಿನೀರು ಇರಲಿಲ್ಲ, ಹೊದಿಕೆ ತೇವದ ವಾಸನೆ, ಮಗುವಿಗೆ ಶೀತವಾಯಿತು. ಆಂಟಿ ಒಳ್ಳೆಯವರು, ಊಟ ಚೆನ್ನಾಗಿತ್ತು." ಹಿಂದಿನ ವಾರ ಬಂದಿದ್ದ ಒಂದು ಕುಟುಂಬ, ಹೆಸರು ಪುಸ್ತಕದಲ್ಲಿತ್ತು. ಜುಲೈಯ ಮಳೆಯಲ್ಲಿ ಸೋಲಾರ್ ನೀರು ಕಾಯುವುದಿಲ್ಲವೆಂಬುದು ನಮಗೆಲ್ಲ ಗೊತ್ತು. ಸೌದೆ ಒಲೆಯ ಹಂಡೆ ಒಡೆದು ಮೂರು ವಾರವಾಗಿತ್ತು. ಈ ರಿವ್ಯೂವನ್ನೂ ದಾಳಿಯೊಂದಿಗೆ ಕಟ್ಟಿ ವರದಿ ಮಾಡಿದ್ದರೆ ಅದು ಅನ್ಯಾಯವಾಗುತ್ತಿತ್ತು, ಉಳಿದ ವರದಿಗಳ ವಿಶ್ವಾಸವನ್ನೂ ಕೆಡಿಸುತ್ತಿತ್ತು.

ಬರಹವಿಲ್ಲದ ಹದಿನಾಲ್ಕರಲ್ಲಿ ಮೂರು ಹೆಸರು ಅತಿಥಿ ಪುಸ್ತಕಕ್ಕೆ ಹೊಂದಿದವು. ಹನ್ನೊಂದು ಹೊಂದಲಿಲ್ಲ, ಎಲ್ಲವೂ ರಾತ್ರಿಯ ಆ ಎರಡು ಗಂಟೆಗಳಲ್ಲೇ ಬಂದಿದ್ದವು.

ಒಟ್ಟು ಲೆಕ್ಕ ಹೀಗಾಯಿತು: ನಿಜವಾಗಿ ಉಳಿದ ತಂಡದವರದು ಐದು, ಪ್ರಾಮಾಣಿಕ ದೂರು ಒಂದು, ತಪ್ಪು ಜಾಗದ್ದು ಒಂದು, ಬಾರದವರದೆಂದು ತೋರಿದ್ದು ಹದಿನಾರು.

ವರದಿ ಮಾಡುವಾಗ

ಮಾಲೀಕರ ಖಾತೆಯಿಂದ ಒಳಹೊಕ್ಕು, ರಿವ್ಯೂವಿನ ಪಕ್ಕದ ಮೂರು ಚುಕ್ಕಿ ಒತ್ತಿ, `Report review` ಆರಿಸಬೇಕು. ಆಮೇಲೆ ಕಾರಣ ಕೇಳುತ್ತದೆ. ಈ ಪಟ್ಟಿಯ ಪದಗಳು ಆಗಾಗ ಬದಲಾಗುತ್ತಿರುತ್ತವೆ, ಆದರೆ ಅರ್ಥ ತಿಳಿದಿದ್ದರೆ ದಾರಿ ತಪ್ಪುವುದಿಲ್ಲ. ಹೆಚ್ಚಿನವರು ಸಿಟ್ಟಾದ ಅತಿಥಿಗೆ `Conflict of interest` ಒತ್ತುತ್ತಾರೆ. ಅದು ಆ ವ್ಯಾಪಾರಕ್ಕೆ ಸೇರಿದವರು ಅಥವಾ ಪ್ರತಿಸ್ಪರ್ಧಿ ವ್ಯಾಪಾರದವರು ಬರೆದಾಗ ಬಳಸುವ ಕಾರಣ. ಹಣದ ತಕರಾರು ಮಾಡಿಕೊಂಡು ಹೋದ ಅತಿಥಿಗೆ ಅದು ಹೊಂದುವುದೇ ಇಲ್ಲ. ನಕಲಿ ಖಾತೆಗಳು `Spam` ಕೆಳಗೆ ಬರುತ್ತವೆ, ಆದ್ದರಿಂದ ಹದಿನಾರಕ್ಕೆ ಅದನ್ನೇ ಆರಿಸಿದೆ. ದೋಸೆಯದಕ್ಕೆ `Off topic`. ಅಡುಗೆಯ ಹೆಣ್ಣುಮಗಳನ್ನು ಹೀಯಾಳಿಸಿದ್ದಕ್ಕೆ `Bullying or harassment`. ಬರೆದವನು ನಿಜವಾದ ಅತಿಥಿಯಾದರೂ ಆ ಮಾತು ನೀತಿಗೆ ವಿರುದ್ಧ. ಅಲ್ಲಿ ಬಿಲ್ಲಿನ ವಿಷಯ ಎತ್ತಲೇಬಾರದು, ಮಾತಿನ ವಿಷಯ ಮಾತ್ರ ಎತ್ತಬೇಕು.

ತಂಡದ ಉಳಿದ ನಾಲ್ಕನ್ನು ನಾನು ವರದಿ ಮಾಡಲಿಲ್ಲ. ಅತ್ತೆಗೆ ಇದು ಹಿಡಿಸಲಿಲ್ಲ. "ಶುರು ಮಾಡಿದವನನ್ನೇ ಬಿಡುತ್ತೀಯಾ?" ಎಂದು ಕೇಳಿದರು. ಅವನು ಬಂದಿದ್ದ, ಉಳಿದಿದ್ದ, ದುಡ್ಡು ಕೊಟ್ಟಿದ್ದ. ಅವನದನ್ನು ನಕಲಿ ಎಂದು ವರದಿ ಮಾಡಿದರೆ ನಾವೇ ಸುಳ್ಳು ಹೇಳಿದಂತೆ.

ವಿವರ ಬರೆಯಲು ಅವಕಾಶ ಸಿಗುವ ಕಡೆಗೆಂದು ಒಂದು ಟಿಪ್ಪಣಿ ಸಿದ್ಧಪಡಿಸಿಟ್ಟೆ. ಅದರಲ್ಲಿ ಅತ್ತೆಯ ಶ್ರಮದ ಮಾತಿಲ್ಲ, ಮನೆಯ ಗೌರವದ ಮಾತಿಲ್ಲ, ತಂಡದವರ ನಡತೆಯ ಮಾತೂ ಇಲ್ಲ:

"ಐದು ವರ್ಷಗಳಲ್ಲಿ 84 ರಿವ್ಯೂ ಪಡೆದ ಮೂರು ಕೋಣೆಯ ಹೋಂಸ್ಟೇ. ಒಂದು ರಾತ್ರಿ 9ರಿಂದ 11ರ ನಡುವೆ 17 ಒಂದು ಸ್ಟಾರ್ ರಿವ್ಯೂಗಳು ಬಂದಿವೆ. ಮೂರರಲ್ಲಿ ಒಂದೇ ವಾಕ್ಯವಿದೆ. ಎರಡರಲ್ಲಿ ನಮ್ಮಲ್ಲಿ ಇಲ್ಲದ ಎಸಿ ಮತ್ತು ಈಜುಕೊಳದ ಉಲ್ಲೇಖವಿದೆ. ಈ ಪಟ್ಟಿಯ ಹೆಸರುಗಳು ನಮ್ಮ ಅತಿಥಿ ಪುಸ್ತಕದಲ್ಲಿಲ್ಲ. ಅದೇ ಅವಧಿಯ ನಿಜವಾದ ಅತಿಥಿಗಳ ರಿವ್ಯೂಗಳನ್ನು ನಾವು ನಕಲಿ ಎಂದು ವರದಿ ಮಾಡಿಲ್ಲ."

ಆ ಕೊನೆಯ ವಾಕ್ಯವನ್ನು ಬರೆಯಲು ಸಾಧ್ಯವಾಗುವುದು ಬೇರ್ಪಡಿಸುವ ಕೆಲಸ ಮಾಡಿದವರಿಗೆ ಮಾತ್ರ. ನಮ್ಮನ್ನು ನಾವೇ ಸಮರ್ಥಿಸಿಕೊಳ್ಳುವ ಧ್ವನಿ ಟಿಪ್ಪಣಿಯಲ್ಲಿ ಇಲ್ಲದಂತೆ ಮಾಡುವುದು ಅದೇ. ಮೆತ್ತಗಿನ ಪದ ಹುಡುಕಿ ಬರೆದರೆ ಆ ಧ್ವನಿ ಹೋಗುವುದಿಲ್ಲ. ನಮಗೆ ನೋವು ಮಾಡಿದ್ದನ್ನೂ ನ್ಯಾಯವಾಗಿ ಬಿಟ್ಟುಕೊಟ್ಟಿದ್ದೇವೆಂದು ತೋರಿದಾಗ ಹೋಗುತ್ತದೆ.

ವರದಿಯ ಪರಿಶೀಲನೆಗೆ ಕೆಲವು ದಿನ ಹಿಡಿಯುತ್ತದೆ. ಗೂಗಲ್‌ನ ರಿವ್ಯೂ ನಿರ್ವಹಣಾ ಪುಟದಲ್ಲಿ ಪ್ರತಿಯೊಂದರ ಸ್ಥಿತಿ ಕಾಣುತ್ತದೆ: `Decision pending` ಎಂದಿದ್ದರೆ ಕಾಯಬೇಕು. ಉಲ್ಲಂಘನೆ ಕಾಣಲಿಲ್ಲ ಎಂದು ಬಂದರೆ ಒಂದೇ ಒಂದು ಸಲ ಮೇಲ್ಮನವಿ ಸಲ್ಲಿಸಬಹುದು, ಒಂದು ಮನವಿಯಲ್ಲಿ ಹತ್ತು ರಿವ್ಯೂಗಳವರೆಗೆ ಸೇರಿಸಬಹುದು. ಒಂದೇ ಅವಕಾಶವಾದ್ದರಿಂದ ಆತುರ ಬೇಡ, ಗುರುತುಗಳು ಗಟ್ಟಿಯಾಗಿ ಕೈಯಲ್ಲಿದ್ದಾಗ ಮಾತ್ರ ಬಳಸಿ. ಬಂಧುಬಳಗಕ್ಕೆಲ್ಲ ಹೇಳಿ ಒಂದೇ ರಿವ್ಯೂವನ್ನು ನಲವತ್ತು ಕಡೆಯಿಂದ ವರದಿ ಮಾಡಿಸುವುದರಲ್ಲಿ ಅರ್ಥವಿಲ್ಲ. ಅಲ್ಲಿ ನೋಡುವುದು ನೀತಿ ಮುರಿದಿದೆಯೇ ಎಂಬುದನ್ನು.

ಇತರ ವೇದಿಕೆಗಳಲ್ಲಿ ದಾರಿ ಸ್ವಲ್ಪ ಬೇರೆ. ಬುಕಿಂಗ್ ಡಾಟ್ ಕಾಮ್‌ನಲ್ಲಿ ಅದರ ಮೂಲಕ ಕಾಯ್ದಿರಿಸಿದ್ದವರಷ್ಟೇ ಬರೆಯಬಹುದಾದ್ದರಿಂದ ಹೊರಗಿನ ಗುಂಪು ನುಗ್ಗಲಾರದು. ಏರ್‌ಬಿಎನ್‌ಬಿಯಲ್ಲಿ ವಾಸ್ತವ್ಯ ಮುಗಿದ 14 ದಿನಗಳಷ್ಟೇ ಬರೆಯುವ ಅವಧಿ, ಜೊತೆಗೆ ಅತಿಥಿ ಗಂಭೀರವಾಗಿ ನಿಯಮ ಮುರಿದುದಕ್ಕೆ ದಾಖಲೆಯಿದ್ದರೆ ಸೇಡಿನ ರಿವ್ಯೂ ಎಂದೇ ಪ್ರಶ್ನಿಸಲು ಅವಕಾಶವಿದೆ. ಫೋನಿನಲ್ಲಿ ನೇರವಾಗಿ ಕಾಯ್ದಿರಿಸುವ ನಮ್ಮ ಊರಿನ ಹೆಚ್ಚಿನ ಮನೆಗಳಿಗೆ ಗೂಗಲ್ ಮ್ಯಾಪ್ಸ್ ಒಂದೇ ಬಾಗಿಲು.

ನಾವೇ ಮಾಡಿಕೊಂಡ ತಪ್ಪು

ನಾನು ಹಾಳೆ ಬರೆಯುತ್ತಿದ್ದಾಗ ಗೋಣಿಕೊಪ್ಪದಲ್ಲಿರುವ ನಮ್ಮ ಅಣ್ಣ ಒಬ್ಬ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಕರೆ ಕೊಟ್ಟುಬಿಟ್ಟಿದ್ದ. ಮಧ್ಯಾಹ್ನದೊಳಗೆ ಎಂಟು ಐದು ಸ್ಟಾರ್‌ಗಳು ಬಿದ್ದವು, ಎಲ್ಲವೂ ಬಂಧುಗಳದು, ಎರಡರಲ್ಲಿ ನಮ್ಮದೇ ಮನೆತನದ ಹೆಸರು. ಪ್ರೀತಿಯಿಂದಲೇ ಮಾಡಿದ್ದು, ಆದರೆ ಇದೂ ನಕಲಿ ರಿವ್ಯೂವೇ. ಗೂಗಲ್ ಇಂಥದ್ದನ್ನು ಗುರುತಿಸಿದರೆ ಆ ವ್ಯಾಪಾರದ ಖಾತೆಗೆ ಹೊಸ ರಿವ್ಯೂ ಬಾರದಂತೆ ಕೆಲಕಾಲ ತಡೆಯಬಹುದು, ಇದ್ದವನ್ನು ಮರೆಮಾಡಬಹುದು, ನಕಲಿ ರಿವ್ಯೂಗಳನ್ನು ತೆಗೆದಿದ್ದೇವೆ ಎಂಬ ಎಚ್ಚರಿಕೆಯನ್ನು ಪುಟದ ಮೇಲೆ ಹಾಕಬಹುದು. ದಾಳಿಗೆ ಒಳಗಾದ ಮನೆಯೇ ಆರೋಪಿಯಾಗಿ ನಿಲ್ಲುತ್ತದೆ. ಒಬ್ಬೊಬ್ಬರಿಗೂ ಫೋನ್ ಮಾಡಿ ಎಂಟನ್ನೂ ಅಳಿಸಿಸಿದೆ. ದೊಡ್ಡಪ್ಪ ಒಬ್ಬರಿಗೆ ಅಳಿಸುವುದು ಹೇಗೆಂದು ವಿವರಿಸಲು ಅರ್ಧ ಗಂಟೆ ಹಿಡಿಯಿತು.

ಮುಂದಿನ ವಾರಗಳಲ್ಲಿ ಬಂದ ಅತಿಥಿಗಳಲ್ಲಿ ಸಂತೋಷವಾಗಿದ್ದವರನ್ನಷ್ಟೇ ಆರಿಸಿ ರಿವ್ಯೂ ಕೇಳುವುದೂ ನೀತಿಗೆ ವಿರುದ್ಧ. ಕೇಳುವುದಾದರೆ ಎಲ್ಲರನ್ನೂ ಕೇಳಬೇಕು, ಪ್ರತಿಯಾಗಿ ರಿಯಾಯಿತಿಯನ್ನಾಗಲಿ ಕಾಫಿಪುಡಿಯ ಪೊಟ್ಟಣವನ್ನಾಗಲಿ ಕೊಡಬಾರದು.

ಹಣ ಕೇಳಿದಾಗ

ಮಂಗಳವಾರ ಅತ್ತೆಯ ವಾಟ್ಸಾಪ್‌ಗೆ ಸಂದೇಶ ಬಂತು: 3,600 ರೂಪಾಯಿ ವಾಪಸ್ ಹಾಕಿದರೆ ಎಲ್ಲ ರಿವ್ಯೂ ತೆಗೆಸುತ್ತೇವೆ, ಇಲ್ಲದಿದ್ದರೆ ಇನ್ನೂ ಐವತ್ತು ಬರುತ್ತವೆ. ಅಸಮಾಧಾನಗೊಂಡ ಅತಿಥಿ ಹಣ ಹಿಂದಿರುಗಿಸಿ ಎಂದು ಕೇಳುವುದು ಅವರ ಹಕ್ಕು. ಬಾರದವರ ಕೈಯಲ್ಲಿ ಬರೆಸಿದ್ದನ್ನು ತೆಗೆಯಲು ಬೆಲೆ ಹೇಳುವುದು ಬೆದರಿಕೆ. ಅದಕ್ಕೆ ಉತ್ತರ ಕೊಡಬೇಡಿ, ಹಣ ಹಾಕಬೇಡಿ, ಅವರನ್ನು ಬ್ಲಾಕ್ ಮಾಡುವ ಮೊದಲು ಸಂಖ್ಯೆ ಮತ್ತು ದಿನಾಂಕ ಕಾಣುವಂತೆ ಚಿತ್ರ ತೆಗೆದಿಡಿ. ರಿವ್ಯೂ ಹಿಡಿದು ಹಣ ಸುಲಿಯುವವರ ಬಗ್ಗೆ ತಿಳಿಸಲು ಗೂಗಲ್‌ನಲ್ಲಿ ಪ್ರತ್ಯೇಕ ನಮೂನೆಯಿದೆ; ಈ ಸಂದೇಶದ ಚಿತ್ರ ಅಲ್ಲಿಗೆ ಹೋಗಬೇಕು. ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ ಸುಲಿಗೆಗೆ ಸಂಬಂಧಿಸಿದ್ದು, ಆ ಸಂಹಿತೆಯಲ್ಲಿ ಹಾನಿ ಎಂಬ ಪದದ ಅರ್ಥದೊಳಗೆ ಹೆಸರಿಗೆ ಆಗುವ ಹಾನಿಯೂ ಸೇರಿದೆ, ಆದ್ದರಿಂದ ಪೊಲೀಸ್ ದೂರಿನ ದಾರಿ ತೆರೆದಿದೆ. ಆದರೆ ಈ ಕಲಮಿನ ಹೆಸರನ್ನು ರಿವ್ಯೂವಿನ ಉತ್ತರದಲ್ಲಿ ಎಂದೂ ಬರೆಯಬಾರದು. ಮುಂದಿನ ಅತಿಥಿಗೆ ಅಲ್ಲಿ ಕಾಣುವುದು ಪೊಲೀಸರ ಹೆಸರು ಹೇಳಿ ಗದರಿಸುವ ಮನೆ.

ಉತ್ತರ

ಉತ್ತರ ಪ್ರಕಟವಾದಾಗ ರಿವ್ಯೂ ಬರೆದವರಿಗೆ ಸೂಚನೆ ಹೋಗುತ್ತದೆ. ದಾಳಿ ನಡೆಯುತ್ತಿರುವಾಗ ಉತ್ತರಿಸಿದರೆ ಒಲೆಗೆ ಊದಿದಂತೆ. ಎರಡು ದಿನ ಹೊಸದು ಬಾರದ ಮೇಲೆ ಬರೆಯಲು ಕುಳಿತೆವು. ಅತ್ತೆ ಮೊದಲು ಬರೆದದ್ದು ಹದಿನೈದು ಸಾಲು: ಅವರು ಎಷ್ಟು ಕುಡಿದಿದ್ದರು, ಎಷ್ಟು ಬಾಟಲಿ ಆಯ್ದೆ, ಯಾರು ಏನೆಂದರು, ಇಪ್ಪತ್ತು ವರ್ಷದಿಂದ ಎಷ್ಟು ಜನರಿಗೆ ಅನ್ನ ಹಾಕಿದ್ದೇನೆ. ಒಂದೂ ಸುಳ್ಳಲ್ಲ. ಆದರೆ ಅತಿಥಿಯ ಖಾಸಗಿ ವಿಷಯವನ್ನು ಬೀದಿಗೆ ತರುವ ಮನೆಗೆ ಹೋಗಲು ಯಾರಾದರೂ ಹಿಂಜರಿಯುತ್ತಾರೆ. ಅದನ್ನು ಇಷ್ಟಕ್ಕೆ ಇಳಿಸಿದೆವು:

"ನಮಸ್ಕಾರ. ನಿಮ್ಮ ವಾಸ್ತವ್ಯ ಬೇಸರದಲ್ಲಿ ಮುಗಿದದ್ದಕ್ಕೆ ವಿಷಾದವಿದೆ. ಹೇಳಿದ್ದಕ್ಕಿಂತ ಹೆಚ್ಚು ಜನ ಬಂದಾಗ ಪ್ರತಿಯೊಬ್ಬರಿಗೂ ಶುಲ್ಕವಿದೆ, ರಾತ್ರಿ ಹತ್ತರ ನಂತರ ಹೊರಗೆ ಸ್ಪೀಕರ್ ಹಾಕುವಂತಿಲ್ಲ. ಎರಡನ್ನೂ ಫೋನಿನಲ್ಲಿ ತಿಳಿಸಿದ್ದೆ. ಪ್ಲಗ್ ತೆಗೆಯುವ ಮುಂಚೆ ಇನ್ನೊಮ್ಮೆ ಮಾತನಾಡಬಹುದಿತ್ತು, ಅದು ನನ್ನಿಂದ ಆದ ತಪ್ಪು."

ಕೊನೆಯ ವಾಕ್ಯಕ್ಕೆ ಅತ್ತೆ ಒಪ್ಪಲು ಒಂದು ದಿನ ತೆಗೆದುಕೊಂಡರು. ನಾನು ಒತ್ತಾಯಿಸಲಿಲ್ಲ. ಅವರಿಗೆ ನಿಜವೆನಿಸದಿದ್ದರೆ ಅದನ್ನು ಹಾಕುವುದು ನಾಟಕವಾಗುತ್ತಿತ್ತು.

ನಕಲಿ ಎಂದು ವರದಿ ಮಾಡಿದವುಗಳಲ್ಲಿ ಬರಹವಿದ್ದ ಎರಡಕ್ಕೆ ಮಾತ್ರ, "ಈ ಹೆಸರು ನಮ್ಮ ಅತಿಥಿ ಪುಸ್ತಕದಲ್ಲಿ ಸಿಗುತ್ತಿಲ್ಲ. ನಮ್ಮಲ್ಲಿ ಎಸಿ ಮತ್ತು ಈಜುಕೊಳ ಇಲ್ಲ. ಬಂದಿದ್ದರೆ ದಿನಾಂಕ ತಿಳಿಸಿ, ನೋಡುತ್ತೇನೆ" ಎಂದು ಬರೆದೆವು. ನಕಲಿ ಎಂಬ ಪದವನ್ನು ಬಳಸಲಿಲ್ಲ, ಪ್ರತಿಸ್ಪರ್ಧಿಗಳ ಕೈವಾಡ ಎನ್ನಲಿಲ್ಲ. ಹದಿನಾರಕ್ಕೂ ಅದನ್ನೇ ಅಂಟಿಸಿದ್ದರೆ ಪುಟದ ತುಂಬ ನಮ್ಮ ಜಗಳವೇ ಕಾಣುತ್ತಿತ್ತು. ಬರೀ ಸ್ಟಾರ್‌ಗಳಿಗೆ ಉತ್ತರಿಸಲೇ ಇಲ್ಲ.

ಎಷ್ಟು ಸರಿಹೋಯಿತು

ವರದಿ ಮಾಡಿದ್ದು ಹದಿನೆಂಟು. ನಾಲ್ಕು ದಿನಗಳಲ್ಲಿ ಹನ್ನೆರಡು ಹೋದವು: ಬರಹವಿದ್ದ ಐದು ನಕಲಿಗಳು, ಹೆಣ್ಣುಮಗಳ ಮೇಲಿನದು, ದೋಸೆಯದು, ಬರೀ ಸ್ಟಾರ್‌ಗಳಲ್ಲಿ ಐದು. ಉಳಿದ ಆರನ್ನು ಒಂದೇ ಮೇಲ್ಮನವಿಯಲ್ಲಿ ಸೇರಿಸಿದೆ, ಅದರಲ್ಲಿ ಮೂರು ಹೋದವು. ಮೂರು ಉಳಿದಿವೆ, ಉಳಿಯುತ್ತವೆ. ಅಕ್ಷರವಿಲ್ಲದ ಒಂಟಿ ಸ್ಟಾರ್‌ನಲ್ಲಿ ತೋರಿಸಲು ಏನೂ ಇರುವುದಿಲ್ಲ, ಸಮಯ ಮತ್ತು ಹೆಸರನ್ನು ಬಿಟ್ಟು. ಪರದೆಯ ಮೇಲಿನ ಹೆಸರು ಗುರುತಿನ ಚೀಟಿಯ ಹೆಸರೇ ಆಗಿರಬೇಕೆಂದೇನೂ ಇಲ್ಲವಾದ್ದರಿಂದ, ಆ ಮೂವರಲ್ಲಿ ಒಬ್ಬರು ಎಂದೋ ನಮ್ಮಲ್ಲಿ ಉಳಿದವರೇ ಆಗಿರಲೂಬಹುದು.

ಹಾಗಾಗಿ 23ರಲ್ಲಿ ಎಂಟು ನಿಂತವು, ಸರಾಸರಿ 4.3ಕ್ಕೆ ಏರಿತು. ಪೂರ್ತಿ ವಾಸಿಯಾಗಲಿಲ್ಲ. ಒಂದು ತಿಂಗಳ ನಂತರ ಮತ್ತೊಮ್ಮೆ ಹಾಳೆ ತೆಗೆದು ನೋಡಿದೆ, ಏಕೆಂದರೆ ಇಂಥ ಗುಂಪುಗಳು ತಮ್ಮವು ಮಾಯವಾದುದನ್ನು ಕಂಡು ಎರಡನೆಯ ಸಲ ಬರುವುದುಂಟು. ಹೊಸದೇನೂ ಇರಲಿಲ್ಲ.

ಮಗುವಿಗೆ ಶೀತವಾದ ಕುಟುಂಬಕ್ಕೆ ಅತ್ತೆ ತಾವೇ ಉತ್ತರ ಬರೆದಿದ್ದರು, ನನ್ನನ್ನು ಕೇಳದೆ: "ಹಂಡೆ ಒಡೆದದ್ದನ್ನು ನಿಮಗೆ ಮುಂಚೆ ಹೇಳಬೇಕಿತ್ತು. ಹೊಸದನ್ನು ಕೂರಿಸಿದ್ದೇನೆ. ಹೊದಿಕೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುತ್ತಿದ್ದೇನೆ. ಮಗು ಈಗ ಹೇಗಿದೆ?" ಎರಡು ವಾರ ಬಿಟ್ಟು ಅವರು ಒಂದು ಸ್ಟಾರ್ ಅನ್ನು ನಾಲ್ಕಕ್ಕೆ ತಿದ್ದಿದರು, ಬಿಸಿನೀರಿನ ಸಾಲನ್ನು ಹಾಗೆಯೇ ಉಳಿಸಿ, ಕೆಳಗೆ "ಮಗು ಚೆನ್ನಾಗಿದ್ದಾಳೆ" ಎಂದು ಸೇರಿಸಿದ್ದರು.